34 ಪುಟದಿಂದ 14 ಪುಟಕ್ಕೆ: ಡೈರಿಯ ಬೋನಸ್ ಪಟ್ಟಿಯನ್ನು ಪ್ರಿಂಟಿಗೆ ಸಿದ್ಧ ಮಾಡಿದ ಕಥೆ

ನಮ್ಮ ಊರಿನ ಹಾಲಿನ ಡೈರಿಯ ಕಾರ್ಯದರ್ಶಿಯವರು ಪೆನ್‌ಡ್ರೈವ್ ಹಿಡಿದುಕೊಂಡು ಮನೆಗೆ ಬಂದಾಗ ಸಂಜೆ ಆರೂವರೆ ಆಗಿತ್ತು. "ನೋಡಮ್ಮ, ನಾಡಿದ್ದು ಮಹಾಸಭೆ. ಬೋನಸ್ ಪಟ್ಟಿ ಪ್ರಿಂಟ್ ಹಾಕ್ಸೋಕೆ ಹೋದ್ರೆ ಹೆಸರು ಒಂದು ಹಾಳೇಲಿ, ದುಡ್ಡು ಇನ್ನೊಂದು ಹಾಳೇಲಿ ಬರ್ತಿದೆ. ಜನ ಎಲ್ಲಿ ಸಹಿ ಹಾಕ್ಬೇಕು?" ಅಂದರು. ಕೈಯಲ್ಲಿ ಅಂಗಡಿಯಲ್ಲಿ ತೆಗೆಸಿದ ಹಾಳೆಗಳ ಕಟ್ಟು ಇತ್ತು. ಎಣಿಸಿ ನೋಡಿದೆ, 34 ಹಾಳೆ.

ಪಟ್ಟಿಯಲ್ಲಿ ಇರುವುದು 386 ಸದಸ್ಯರು. ಐದು ಊರುಗಳಿಂದ ಹಾಲು ಹಾಕುವವರು. ಸಭೆಯ ದಿನ ಒಬ್ಬೊಬ್ಬರೂ ತಮ್ಮ ಹೆಸರಿನ ಮುಂದೆ ಇರುವ ಮೊತ್ತ ನೋಡಿ, ಅದೇ ಸಾಲಿನ ಕೊನೆಯಲ್ಲಿ ಸಹಿ ಹಾಕಬೇಕು. ಅಂದರೆ ಹೆಸರು, ಲೀಟರ್, ಮೊತ್ತ, ಸಹಿ ಎಲ್ಲವೂ ಒಂದೇ ಹಾಳೆಯ ಒಂದೇ ಸಾಲಿನಲ್ಲಿ ಇರಲೇಬೇಕು. ಯಾವ ಕಾಲಂ ಏನು ಅಂತ ಪ್ರತಿ ಹಾಳೆಯ ತಲೆಯಲ್ಲೂ ಕಾಣಬೇಕು. ಒಂದು ಊರಿನ ಹಾಳೆಗಳನ್ನು ಬೇರೆ ಮಾಡಿ ಇನ್ನೊಂದು ಮೇಜಿಗೆ ಕೊಡುವ ಹಾಗಿರಬೇಕು. ಈ ಮೂರೇ ಬೇಡಿಕೆ. ನಾನು ಬಳಸಿದ್ದು ಲಿಬ್ರೆಆಫೀಸ್ ಕ್ಯಾಲ್ಕ್. ಎಕ್ಸೆಲ್‌ನಲ್ಲಿ ಮಾಡುವವರಿಗೆ ಬೇಕಾದ ವ್ಯತ್ಯಾಸಗಳನ್ನು ಕೊನೆಯ ಹೊತ್ತಿಗೆ ಹೇಳುತ್ತೇನೆ.

34 ಎಲ್ಲಿಂದ ಬಂತು

ಸರಿ ಮಾಡುವ ಮೊದಲು ತಪ್ಪು ಎಲ್ಲಿದೆ ಅಂತ ಗೊತ್ತಾಗಬೇಕಲ್ವಾ. ಫೈಲ್ ತೆರೆದು ಕಾಲಂಗಳ ಅಗಲ ಒಂದೊಂದಾಗಿ ಬರೆದುಕೊಂಡೆ. `A` ಇಂದ `L` ತನಕ 12 ಕಾಲಂ: ಕ್ರಮಸಂಖ್ಯೆ, ಸದಸ್ಯ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಫೋನ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಲೀಟರ್, ಬೋನಸ್, ಕಡಿತ, ನಿವ್ವಳ, ಸಹಿ. ಕೂಡಿದರೆ 318 ಮಿ.ಮೀ. ಎ4 ಹಾಳೆಯ ಅಗಲ 210 ಮಿ.ಮೀ. ಎರಡೂ ಕಡೆ 20 ಮಿ.ಮೀ. ಅಂಚು ಬಿಟ್ಟರೆ ಉಳಿಯುವುದು 170. ಹಾಗಾಗಿ ಮೊದಲ ಐದು ಕಾಲಂ ಒಂದು ಹಾಳೆಗೆ, ಮುಂದಿನ ಆರು ಇನ್ನೊಂದಕ್ಕೆ, ಸಹಿಯ ಕಾಲಂ ಒಂದೇ ಮೂರನೆಯದಕ್ಕೆ ಹೋಗಿತ್ತು. ಉದ್ದಕ್ಕೆ 11 ಹಾಳೆ, ಅಡ್ಡಕ್ಕೆ 3. ಒಟ್ಟು 33.

ಹಾಗಾದರೆ 34ನೇ ಹಾಳೆ? ಅದರಲ್ಲಿ ಏನೂ ಇರಲಿಲ್ಲ, ಮೂಲೆಯಲ್ಲಿ ಒಂದು ಚುಕ್ಕೆ ಬಿಟ್ಟರೆ. ಶೀಟಿನಲ್ಲಿ `Ctrl+End` ಒತ್ತಿದೆ. ಕರ್ಸರ್ ನೇರವಾಗಿ `T420` ಗೆ ಹಾರಿತು. ಯಾರೋ ಯಾವಾಗಲೋ ತಿಳಿಯದೆ ಒಂದು ಪೂರ್ಣವಿರಾಮ ಒತ್ತಿದ್ದರು. ಪ್ರಿಂಟ್ ಆಗುವ ಜಾಗ ಇಷ್ಟೇ ಅಂತ ನಾವು ಹೇಳದಿದ್ದರೆ, ಕ್ಯಾಲ್ಕ್ ಏನಾದರೂ ಬರೆದಿರುವ ಕೊನೆಯ ಚೌಕದ ತನಕ ಎಲ್ಲವನ್ನೂ ಪ್ರಿಂಟಿಗೆ ಸೇರಿಸುತ್ತದೆ. ನಡುವೆ ಪೂರ್ತಿ ಖಾಲಿ ಇರುವ ಪುಟಗಳನ್ನು ಬಿಟ್ಟುಬಿಡುತ್ತದೆ, ಆದರೆ ಒಂದು ಚುಕ್ಕೆ ಇದ್ದರೂ ಆ ಪುಟ ಖಾಲಿಯಲ್ಲ. ಖಾಲಿ ಹಾಳೆ ಬಂತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಒತ್ತಿ ನೋಡುವುದು ಇದೇ `Ctrl+End`.

ಇನ್ನೊಂದು ಸಂಗತಿ ಕಂಡಿತು. ಪ್ರತಿ ಹಾಳೆಗೂ ತಲೆಸಾಲು ಬರಲಿ ಅಂತ ಹಿಂದೆ ಟೈಪ್ ಮಾಡಿದವರು ಪ್ರತಿ 32 ಸಾಲಿಗೆ ಒಮ್ಮೆ "ಕ್ರ.ಸಂ., ಹೆಸರು..." ಅನ್ನುವ ಸಾಲನ್ನು ಕಾಪಿ ಮಾಡಿ ಅಂಟಿಸಿದ್ದರು. ಅಂಥ ಸಾಲು 12 ಇದ್ದವು. ಅವರ ಉದ್ದೇಶ ಒಳ್ಳೆಯದೇ. ಆದರೆ ಮೇಲೆ ಒಂದು ಹೆಸರು ಸೇರಿದರೆ ಸಾಕು, ಅಂಟಿಸಿದ ತಲೆಸಾಲುಗಳೆಲ್ಲ ಒಂದು ಸಾಲು ಕೆಳಗೆ ಸರಿದು ಹಾಳೆಯ ನಡುವೆ ಬಂದು ಕೂರುತ್ತವೆ. ಲೀಟರ್ ಲೆಕ್ಕದಲ್ಲಿ ಪಟ್ಟಿಯನ್ನು ಜೋಡಿಸಲು ಹೋದರೆ ಹನ್ನೆರಡೂ ಒಂದೇ ಕಡೆ ಗುಂಪಾಗುತ್ತವೆ. ತಲೆಸಾಲು ಅನ್ನುವುದು ಮಾಹಿತಿಯ ಒಳಗೆ ಇರಬಾರದು. ಪುಟ ಮಾಡುವಾಗ ಮೇಲೆ ಬಂದು ಸೇರಬೇಕು.

ಮೊದಲು ಶುಚಿ ಮಾಡಿದ್ದು

ಮೂಲ ಫೈಲನ್ನು ಹಾಗೇ ಇಟ್ಟು ಇನ್ನೊಂದು ಪ್ರತಿಯಲ್ಲಿ ಕೆಲಸ ಶುರು ಮಾಡಿದೆ. `T420` ರ ಚುಕ್ಕೆ ಅಳಿಸಿದೆ. ಹುಡುಕುವ ಪೆಟ್ಟಿಗೆಯಲ್ಲಿ "ಕ್ರ.ಸಂ." ಕೊಟ್ಟು `Find All` ಒತ್ತಿದರೆ ಎಲ್ಲ ತಲೆಸಾಲುಗಳ ಪಟ್ಟಿ ಬಂತು. ನಿಜವಾದ ತಲೆಸಾಲನ್ನು ಬಿಟ್ಟು, ಉಳಿದ 12 ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ತೆಗೆದೆ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಸಾಲಿನ ಸಂಖ್ಯೆಗಳು ಬದಲಾಗುವುದಿಲ್ಲ, ಗೊಂದಲ ಇರುವುದಿಲ್ಲ. ಅಳಿಸುವ ಮೊದಲು ಒಟ್ಟು ನಿವ್ವಳ ಮೊತ್ತ ಬರೆದಿಟ್ಟುಕೊಂಡಿದ್ದೆ. ಆಮೇಲೆ ನೋಡಿದಾಗಲೂ ಅದೇ ಮೊತ್ತ ಇತ್ತು. ದುಡ್ಡಿನ ಪಟ್ಟಿಯಲ್ಲಿ ಸಾಲು ಅಳಿಸುವಾಗ ಇದನ್ನು ತಪ್ಪಿಸಬೇಡಿ.

ಈಗ ಶೀಟಿನ ಆಕಾರ ಹೀಗಾಯಿತು. 1ರಿಂದ 3ನೇ ಸಾಲು ಸಂಘದ ಹೆಸರು ಮತ್ತು ಶೀರ್ಷಿಕೆ. 4 ಮತ್ತು 5 ಕಾಲಂಗಳ ತಲೆಸಾಲು. 6ರಿಂದ ಊರುಗಳು. ಪ್ರತಿ ಊರಿಗೂ ಮೇಲೆ ಊರಿನ ಹೆಸರಿನ ಒಂದು ಸಾಲು, ಕೆಳಗೆ ಊರಿನ ಒಟ್ಟು ಮೊತ್ತದ ಒಂದು ಸಾಲು. ಕೊನೆಗೆ 402ನೇ ಸಾಲಿನಲ್ಲಿ ಎಲ್ಲ ಊರುಗಳ ಒಟ್ಟು.

ಅಗಲ: ಕುಗ್ಗಿಸುವ ಮೊದಲು ಕಡಿಮೆ ಮಾಡಿ

318 ಮಿ.ಮೀ. ಇರುವುದನ್ನು ಹಾಗೇ ಒಂದು ಹಾಳೆಗೆ ಕುಗ್ಗಿಸಬಹುದು. ಎಡಗಡೆ ಪಿನ್ ಹೊಡೆಯಲು 25 ಮಿ.ಮೀ., ಬಲಗಡೆ 10 ಮಿ.ಮೀ. ಬಿಟ್ಟರೆ ನಮಗೆ ಸಿಗುವುದು 175. ಅಂದರೆ 55 ಶೇಕಡಾಕ್ಕೆ ಇಳಿಸಬೇಕು. 12 ಪಾಯಿಂಟ್ ಅಕ್ಷರ ಆರೂವರೆ ಪಾಯಿಂಟ್ ಆಗುತ್ತದೆ. ಒತ್ತಕ್ಷರಗಳು ಕಲೆಯ ಹಾಗೆ ಕಾಣುತ್ತವೆ. ಎಪ್ಪತ್ತು ದಾಟಿದ ಅಜ್ಜಿ ತನ್ನ ಹೆಸರನ್ನು ಅದರಲ್ಲಿ ಹುಡುಕಬೇಕು. ಅದು ಆಗದ ಮಾತು.

ಹಾಳೆಯನ್ನು ಅಡ್ಡಡ್ಡ ಇಟ್ಟರೆ ಅಷ್ಟೊಂದು ಕುಗ್ಗಿಸಬೇಕಾಗಿಲ್ಲ, ಆದರೆ ಒಂದು ಪುಟಕ್ಕೆ ಹಿಡಿಯುವ ಹೆಸರುಗಳು ಕಡಿಮೆಯಾಗುತ್ತವೆ. ಹಾಳೆಗಳು ಜಾಸ್ತಿಯಾಗುತ್ತವೆ. ಉದ್ದುದ್ದವೇ ಇರಲಿ ಅಂತ ತೀರ್ಮಾನಿಸಿದೆ.

ಆಗ ಕಾರ್ಯದರ್ಶಿಯವರನ್ನು ಕೇಳಿದೆ: "ಸರ್, ಸಹಿ ಪಟ್ಟಿಗೆ ಬ್ಯಾಂಕ್ ಖಾತೆ ನಂಬರ್ ಯಾಕೆ ಬೇಕು? ಎಲ್ಲರೂ ಎಲ್ಲರದನ್ನೂ ನೋಡ್ತಾರಲ್ಲ?" ಅವರು ಸ್ವಲ್ಪ ಹೊತ್ತು ಯೋಚಿಸಿ, "ಬೇಡಮ್ಮ, ತೆಗೆದುಬಿಡು. ಫೋನ್ ನಂಬರೂ ಬೇಡ" ಅಂದರು. `E`, `F`, `G` ಮೂರೂ ಕಾಲಂಗಳನ್ನು ಅಳಿಸಲಿಲ್ಲ, ಮರೆಮಾಡಿದೆ ಅಷ್ಟೇ. ಕಾಲಂ ತಲೆಯ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ `Hide Columns`. ಮರೆಯಾದ ಕಾಲಂ ಪ್ರಿಂಟ್ ಆಗುವುದಿಲ್ಲ, ಅದರ ಅಗಲವೂ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಏಟಿಗೆ 84 ಮಿ.ಮೀ. ಉಳಿಯಿತು, 234ಕ್ಕೆ ಬಂತು. ಮಿಕ್ಕ ಕಾಲಂಗಳಲ್ಲೂ ಸುಮ್ನೆ ಬಿಟ್ಟಿದ್ದ ಜಾಗ ಇತ್ತು. ಹೆಸರಿನದು 48ರಿಂದ 42, ತಂದೆಯ ಹೆಸರಿನದು 40ರಿಂದ 32, ಸಂಖ್ಯೆಯ ಕಾಲಂಗಳಲ್ಲಿ ಎರಡು, ಮೂರು, ನಾಲ್ಕು ಮಿ.ಮೀ. ಹೀಗೆ ಬಿಗಿ ಮಾಡಿ 205ಕ್ಕೆ ತಂದೆ. ಸಹಿಯ 30 ಮಿ.ಮೀ. ಮುಟ್ಟಲಿಲ್ಲ.

205ನ್ನು 175ಕ್ಕೆ ಕೂರಿಸಲು 85 ಶೇಕಡಾ ಸಾಕು. ಅಕ್ಷರ ಹತ್ತು ಪಾಯಿಂಟಿಗಿಂತ ಸ್ವಲ್ಪ ಜಾಸ್ತಿಯೇ ಉಳಿಯುತ್ತದೆ. ಇದು ಓದಲು ಬರುತ್ತದೆ.

ಕಾಲಂ ಕಿರಿದು ಮಾಡಿದಾಗ ಎರಡು ಕಡೆ ಕಣ್ಣಿಡಬೇಕು. ಸಂಖ್ಯೆ ಹಿಡಿಸದಿದ್ದರೆ `###` ಬರುತ್ತದೆ, ಪಿಡಿಎಫ್‌ನಲ್ಲೂ ಅದೇ ಬರುತ್ತದೆ. ಊರಿನ ಒಟ್ಟು ಮೊತ್ತದ ಸಾಲಿನಲ್ಲಿ ಅಂಕಿಗಳು ಜಾಸ್ತಿ, ಅಲ್ಲೇ ಮೊದಲು ನೋಡಿ. ಹೆಸರು ಉದ್ದವಾದರೆ ಎರಡು ಸಾಲಾಗಿ ಮಡಚಿ, ಕೆಳಗಿನ ಸಾಲು ಚೌಕದ ಹೊರಗೆ ಕತ್ತರಿಸಿಹೋಗುತ್ತದೆ. ಹೆಸರಿನ ಎರಡೂ ಕಾಲಂಗಳಿಗೆ `Format > Cells` ನ `Alignment` ನಲ್ಲಿ ಮಡಚುವುದನ್ನು ತೆಗೆದು `Shrink to fit cell size` ಹಾಕಿದೆ. ಉದ್ದದ ಐದಾರು ಹೆಸರು ಮಾತ್ರ ಸ್ವಲ್ಪ ಸಣ್ಣದಾದವು.

ಪ್ರಿಂಟ್ ಜಾಗ ಮತ್ತು ಮರಳಿ ಬರುವ ತಲೆಸಾಲು

ಇವೆರಡೂ ಒಂದೇ ಕಡೆ ಇವೆ: `Format > Print Ranges > Edit`. ನಾನು ತುಂಬಿದ್ದು ಇಷ್ಟು:

```
Print Range:     $A$1:$L$402
Rows to Repeat:  $4:$5
```

1ರಿಂದ 3ನೇ ಸಾಲನ್ನು ಮರಳಿ ಬರುವುದಕ್ಕೆ ಸೇರಿಸಲಿಲ್ಲ. ಸಂಘದ ದೊಡ್ಡ ಶೀರ್ಷಿಕೆ ಮೊದಲ ಪುಟಕ್ಕೆ ಸಾಕು. ಪ್ರತಿ ಪುಟದಲ್ಲೂ ಬಂದರೆ ಮೂರು ಹೆಸರಿನ ಜಾಗ ತಿನ್ನುತ್ತದೆ. 4 ಮತ್ತು 5 ಎರಡನ್ನೂ ಕೊಡಲು ಕಾರಣ ಇದೆ. "ಬೋನಸ್ ವಿವರ" ಅನ್ನುವ ಚೌಕ 4ನೇ ಸಾಲಿನಲ್ಲಿ ಮೂರು ಕಾಲಂಗಳ ಮೇಲೆ ಹರಡಿದೆ, ಅದರ ಕೆಳಗೆ 5ರಲ್ಲಿ ಬೋನಸ್, ಕಡಿತ, ನಿವ್ವಳ ಇವೆ. "ಹೆಸರು" ಅನ್ನುವ ಚೌಕ 4 ಮತ್ತು 5 ಎರಡನ್ನೂ ಸೇರಿಸಿ ಮಾಡಿದ್ದು. ಒಂದೇ ಸಾಲು ಕೊಟ್ಟರೆ ತಲೆಸಾಲು ಅರ್ಧಕ್ಕೆ ತುಂಡಾಗುತ್ತದೆ.

"ನಾನು ಮೇಲಿನ ಸಾಲನ್ನು ಫ್ರೀಜ್ ಮಾಡಿದ್ದೆನಲ್ಲ, ಪ್ರಿಂಟಲ್ಲಿ ಯಾಕೆ ಬರಲಿಲ್ಲ?" ಅಂತ ಕಾರ್ಯದರ್ಶಿಯವರು ಕೇಳಿದರು. ಫ್ರೀಜ್ ಮಾಡುವುದು ಪರದೆಗೆ ಮಾತ್ರ. ಕ್ಯಾಲ್ಕ್‌ನಲ್ಲೂ ಎಕ್ಸೆಲ್‌ನಲ್ಲೂ ಅದಕ್ಕೂ ಪ್ರಿಂಟಿಗೂ ಸಂಬಂಧ ಇಲ್ಲ. ಗೂಗಲ್ ಶೀಟ್ಸ್‌ನಲ್ಲಿ ಮಾತ್ರ ಫ್ರೀಜ್ ಮಾಡಿದ ಸಾಲನ್ನೇ ಪ್ರತಿ ಪುಟಕ್ಕೂ ತರುವ ಆಯ್ಕೆ ಇದೆ. ಅದನ್ನು ಬಳಸಿದವರಿಗೆ ಈ ಗೊಂದಲ ಆಗುವುದು ಸಹಜ.

ಒಂದು ಮಿತಿಯನ್ನೂ ಹೇಳಬೇಕು. ಒಂದು ಶೀಟಿಗೆ ಮರಳಿ ಬರುವ ಸಾಲುಗಳ ಗುಂಪು ಒಂದೇ. ಹಾಗಾಗಿ ಊರಿನ ಹೆಸರು ಆ ಊರಿನ ಮೊದಲ ಪುಟದಲ್ಲಿ ಮಾತ್ರ ಬರುತ್ತದೆ, ಮುಂದಿನ ಪುಟಗಳಲ್ಲಿ ಬರುವುದಿಲ್ಲ. ನಮ್ಮಲ್ಲಿ ಸದಸ್ಯ ಸಂಖ್ಯೆಯೇ ಊರಿನ ಮೊದಲ ಅಕ್ಷರದಿಂದ ಶುರುವಾಗುವುದರಿಂದ ತೊಂದರೆ ಆಗಲಿಲ್ಲ. ನಿಮಗೆ ಪ್ರತಿ ಪುಟದಲ್ಲೂ ಊರಿನ ಹೆಸರು ಬೇಕೇ ಬೇಕು ಅಂದರೆ, ಒಂದೊಂದು ಊರನ್ನು ಒಂದೊಂದು ಶೀಟಿಗೆ ಹಾಕಿ, ಶೀಟಿಗೆ ಊರಿನ ಹೆಸರಿಟ್ಟು, ಪುಟದ ಮೇಲಂಚಿನಲ್ಲಿ ಶೀಟಿನ ಹೆಸರು ಬರುವಂತೆ ಮಾಡುವುದೇ ದಾರಿ.

ನನ್ನನ್ನು ಒಂದು ಗಂಟೆ ಕೂರಿಸಿದ ತೊಂದರೆ

ಪುಟ ಒಡೆಯುವುದು ಸುಲಭ. ಎರಡನೇ ಊರು 126ನೇ ಸಾಲಿನಿಂದ ಶುರು. ಆ ಸಾಲಿನಲ್ಲಿ ಕರ್ಸರ್ ಇಟ್ಟು `Sheet > Insert Page Break > Row Break`. ಗಡಿ ಆ ಸಾಲಿನ ಮೇಲೆ ಬೀಳುತ್ತದೆ, ಅಂದರೆ 126ನೇ ಸಾಲು ಹೊಸ ಪುಟದ ಮೊದಲ ಸಾಲಾಗುತ್ತದೆ. ಹಾಗೇ 225, 301, 364. ನಾಲ್ಕು ಗಡಿ, ಐದು ಊರು.

ಆಮೇಲೆ `Format > Page Style` ಗೆ ಹೋಗಿ, `Page` ನಲ್ಲಿ ಎ4 ಮತ್ತು ಅಂಚುಗಳನ್ನು ಕೊಟ್ಟೆ, ಮೇಲೆ ಕೆಳಗೆ 15 ಮಿ.ಮೀ. `Sheet` ನಲ್ಲಿ ಕುಗ್ಗಿಸುವ ಆಯ್ಕೆಗಳಿವೆ. ಅಲ್ಲಿ `Shrink print range(s) on number of pages` ಅಂತ ಕಂಡಿತು. ಸುಮಾರು 14 ಪುಟ ಆಗಬಹುದು ಅಂತ ಅಂದಾಜಿಸಿ 14 ಕೊಟ್ಟೆ. ಪಿಡಿಎಫ್ ತೆಗೆದರೆ ಊರುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬಂದವು. ಎರಡನೇ ಊರು ನಾಲ್ಕನೇ ಪುಟದ ಕೆಳಗಡೆಯೇ ಶುರುವಾಗಿತ್ತು. ಗಡಿಗಳನ್ನು ಅಳಿಸಿ ಮತ್ತೆ ಹಾಕಿದೆ. ಅದೇ ಕಥೆ. ಶೀಟಿನಲ್ಲಿ ಗಡಿ ಇದೆ, ಪುಟದಲ್ಲಿ ಇಲ್ಲ.

ಕಾರಣ ಆ ಆಯ್ಕೆಯಲ್ಲೇ ಇದೆ. "ಇಷ್ಟು ಪುಟದಲ್ಲಿ ಹಿಡಿಸು" ಅಂದಾಗ ಕ್ಯಾಲ್ಕ್ ನಾವು ಕೈಯಲ್ಲಿ ಹಾಕಿದ ಗಡಿಗಳನ್ನೆಲ್ಲ ಬದಿಗಿಟ್ಟು ತನ್ನ ಲೆಕ್ಕದಲ್ಲೇ ಒಡೆಯುತ್ತದೆ. ಬೇಕಾಗಿದ್ದದ್ದು ಅದರ ಪಕ್ಕದ ಆಯ್ಕೆ, `Shrink print range(s) to width/height`. ಹಳೆಯ ಆವೃತ್ತಿಗಳಲ್ಲಿ ಇದೇ `Fit` ಅಂತ ಶುರುವಾಗುತ್ತದೆ. ಅದರಲ್ಲಿ ಹೀಗೆ ಕೊಡಬೇಕು:

```
Width in pages:   1
Height in pages:  (ಖಾಲಿ)
```

ಎರಡನೆಯದನ್ನು ಖಾಲಿ ಬಿಡುವುದೇ ಇಲ್ಲಿನ ಗುಟ್ಟು. ಈ ಆಯ್ಕೆಯಲ್ಲಿ ಯಾವ ದಿಕ್ಕಿಗೆ ಸಂಖ್ಯೆ ಕೊಟ್ಟಿದ್ದೇವೋ ಆ ದಿಕ್ಕಿನ ಗಡಿಗಳನ್ನು ಮಾತ್ರ ಕ್ಯಾಲ್ಕ್ ಬಿಟ್ಟುಬಿಡುತ್ತದೆ. ಅಗಲಕ್ಕೆ 1 ಅಂದರೆ ಕಾಲಂಗಳ ನಡುವಿನ ಗಡಿ ಹೋಗುತ್ತದೆ, ಸಾಲುಗಳ ನಡುವಿನ ಗಡಿ ಉಳಿಯುತ್ತದೆ. ಎತ್ತರಕ್ಕೆ 14 ಅಂತ ತುಂಬಿದ್ದರೆ ಮತ್ತೆ ನನ್ನ ನಾಲ್ಕು ಗಡಿಯೂ ಹೋಗುತ್ತಿದ್ದವು. ಇಷ್ಟು ಮಾಡಿ `View > Page Break` ನೋಟಕ್ಕೆ ಹೋದರೆ, ಪ್ರಿಂಟ್ ಆಗುವ ಜಾಗ ಬಿಳಿಯಾಗಿ, ಉಳಿದದ್ದು ಬೂದು ಬಣ್ಣದಲ್ಲಿ, ಪ್ರತಿ ಪುಟದ ಹಿಂದೆ ಅದರ ಸಂಖ್ಯೆ ದೊಡ್ಡದಾಗಿ ಕಂಡಿತು. ಊರುಗಳು ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು.

ಒಂಟಿಯಾಗಿ ಉಳಿದ ಮೂರು ಸಾಲು

ಆದರೆ ಪುಟ 15 ಆಗಿತ್ತು. ಎರಡನೇ ಊರಿನ ಕೊನೆಯ ಪುಟದಲ್ಲಿ ಇಬ್ಬರ ಹೆಸರು ಮತ್ತು ಒಟ್ಟು ಮೊತ್ತದ ಸಾಲು, ಅಷ್ಟೇ. ಮೂರು ಸಾಲಿಗೆ ಒಂದು ಹಾಳೆ. ಹಾಳೆ ವ್ಯರ್ಥವಾಗುವುದಕ್ಕಿಂತ, ಅಂಥ ಹಾಳೆ ಕಟ್ಟಿನಿಂದ ಜಾರಿ ಕಳೆದುಹೋಗುವುದು ಸುಲಭ ಅನ್ನುವುದು ನನಗೆ ದೊಡ್ಡ ಚಿಂತೆ.

ಲೆಕ್ಕ ಹಾಕಿದೆ. ಪುಟದ ಎತ್ತರ 297ರಲ್ಲಿ ಅಂಚು 30, ಕೆಳಗಿನ ಪುಟಸಂಖ್ಯೆಗೆ 10, ತಲೆಸಾಲಿಗೆ 12 ಕಳೆದರೆ 245 ಮಿ.ಮೀ. ಉಳಿಯುತ್ತದೆ. ಸಾಲಿನ ಎತ್ತರ ನಾನು 9 ಮಿ.ಮೀ. ಇಟ್ಟಿದ್ದೆ. 85 ಶೇಕಡಾಕ್ಕೆ ಇಳಿದರೆ ಹಾಳೆಯ ಮೇಲೆ 7.65. ಪುಟಕ್ಕೆ 32 ಸಾಲು. ಎರಡನೇ ಊರಿನಲ್ಲಿ 97 ಸದಸ್ಯರು, ಜೊತೆಗೆ ಊರಿನ ಹೆಸರು, ಒಟ್ಟು ಮೊತ್ತ, ಸೇರಿ 99 ಸಾಲು. ಮೂರು ಪುಟದಲ್ಲಿ 96 ಹಿಡಿದು ಮೂರು ಹೊರಗೆ ಬಿದ್ದಿವೆ. ಪುಟಕ್ಕೆ ಒಂದೇ ಒಂದು ಸಾಲು ಜಾಸ್ತಿ ಹಿಡಿದರೆ 33 ಮೂರಲಿ 99, ಸರಿಯಾಗಿ ಕೂರುತ್ತದೆ.

ಎಲ್ಲ ಸದಸ್ಯರ ಸಾಲುಗಳನ್ನು ಆರಿಸಿ `Format > Rows > Height` ನಲ್ಲಿ 8.6 ಮಿ.ಮೀ. ಕೊಟ್ಟೆ. ಹಾಳೆಯ ಮೇಲೆ 7.3. ಅಕ್ಷರದ ಒತ್ತುಗಳು ಕೆಳಗೆ ಕತ್ತರಿಸಿಹೋಗಿವೆಯಾ ಅಂತ ದೊಡ್ಡದು ಮಾಡಿ ನೋಡಿದೆ. ಕನ್ನಡದಲ್ಲಿ ಇದನ್ನು ನೋಡಲೇಬೇಕು. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಎತ್ತರದಲ್ಲಿ "ಕೃಷ್ಣಪ್ಪ" ದ ಕೆಳಗಿನ ಭಾಗ ಗೆರೆಗೆ ಅಂಟುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟ್ 12 ಪಾಯಿಂಟಿನಲ್ಲಿ ಈ ಎತ್ತರಕ್ಕೆ ಆರಾಮಾಗಿ ಕೂತಿತು. ಪುಟ 14 ಆಯಿತು.

ಮೂರನೇ ಊರಿನ ನಾಲ್ಕು ಜನ ಹೆಬ್ಬೆಟ್ಟು ಒತ್ತುವವರು ಅಂತ ಕಾರ್ಯದರ್ಶಿಯವರು ಆಗ ನೆನಪು ಮಾಡಿದರು. 7 ಮಿ.ಮೀ. ಸಾಲಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಮೇಲಿನವರ, ಕೆಳಗಿನವರ ಹೆಸರೂ ಮುಚ್ಚಿಹೋಗುತ್ತದೆ. ಆ ನಾಲ್ಕು ಸಾಲನ್ನು ಮಾತ್ರ 22 ಮಿ.ಮೀ. ಮಾಡಿದೆ. ಆ ಊರಿನ ಕೊನೆಯ ಪುಟದಲ್ಲಿ ಮುಕ್ಕಾಲು ಹತ್ತಿರ ಜಾಗ ಖಾಲಿ ಇತ್ತು, ಹಾಗಾಗಿ ಪುಟಗಳ ಲೆಕ್ಕ ಬದಲಾಗಲಿಲ್ಲ.

ಪಿಡಿಎಫ್ ತೆಗೆದು ಪರೀಕ್ಷಿಸಿದ್ದು

`Page Style` ನಲ್ಲಿ `Header` ತೆಗೆದುಹಾಕಿದೆ, ಇಲ್ಲದಿದ್ದರೆ ಶೀಟಿನ ಹೆಸರು ಸುಮ್ನೆ ಮೇಲೆ ಬರುತ್ತದೆ. `Footer` ನಲ್ಲಿ "ಪುಟ" ಅಂತ ಬರೆದು, ಪುಟಸಂಖ್ಯೆ ಮತ್ತು ಒಟ್ಟು ಪುಟಗಳ ಗುಂಡಿ ಒತ್ತಿ "ಪುಟ 3 / 14" ಅಂತ ಬರುವಂತೆ ಮಾಡಿದೆ. ಹಾಳೆ ಕಳೆದರೆ ಯಾವುದು ಅಂತ ತಕ್ಷಣ ಗೊತ್ತಾಗಬೇಕು.

ನಂತರ `File > Export As > Export as PDF`. ಅಲ್ಲಿ `All` ಆರಿಸಿದೆ. ಶೀಟಿನಲ್ಲಿ ಕೆಲವು ಚೌಕಗಳು ಆಯ್ಕೆಯಾಗಿ ಉಳಿದಿದ್ದರೆ ಅಷ್ಟೇ ಹೋಗುವ ಸಾಧ್ಯತೆ ಇರುತ್ತದೆ, ಅದಕ್ಕೆ ಮೊದಲೇ ಒಂದು ಖಾಲಿ ಚೌಕದ ಮೇಲೆ ಕ್ಲಿಕ್ ಮಾಡಿದ್ದೆ. ಹೊಸ ಆವೃತ್ತಿಗಳಲ್ಲಿ `Whole sheet export` ಅನ್ನುವ ಗುರುತು ಇದೆ. ಅದು ಹಾಕಿರಬಾರದು. ಹಾಕಿದರೆ ಪ್ರಿಂಟ್ ಜಾಗ, ಹಾಳೆಯ ಅಳತೆ ಎಲ್ಲ ಬಿಟ್ಟು ಇಡೀ ಶೀಟು ಒಂದೇ ಉದ್ದದ ಪುಟವಾಗಿ ಬರುತ್ತದೆ.

ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಓಡಿಸಿದೆ:

```
pdfinfo bonus.pdf
pdffonts bonus.pdf
```

ಮೊದಲನೆಯದರಲ್ಲಿ ಪುಟ 14, ಅಳತೆ ಸುಮಾರು 595 × 842 ಪಾಯಿಂಟ್, ಅಂದರೆ ಎ4. ಅಲ್ಲಿ 612 × 792 ಕಂಡರೆ ಅದು ಅಮೆರಿಕದ ಲೆಟರ್ ಅಳತೆ, ಅಂಗಡಿಯ ಪ್ರಿಂಟರ್ ಅದನ್ನು ಎ4ಗೆ ಹೊಂದಿಸಲು ಹೋಗಿ ಅಂಚು ಬದಲಾಗುತ್ತದೆ. ಎರಡನೆಯದರಲ್ಲಿ ಎಲ್ಲ ಫಾಂಟಿನ ಮುಂದೆ `emb` ಅನ್ನುವ ಕಾಲಂನಲ್ಲಿ `yes` ಇರಬೇಕು. ಫಾಂಟ್ ಪಿಡಿಎಫ್ ಒಳಗೇ ಇದ್ದರೆ ಅಂಗಡಿಯಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಅಕ್ಷರ ಸರಿಯಾಗಿ ಬರುತ್ತದೆ. ಶೀಟನ್ನೇ ಕೊಟ್ಟರೆ ಆ ಭರವಸೆ ಇಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಯೂನಿಕೋಡ್ ಅಲ್ಲದೆ ಟೈಪ್ ಮಾಡಿದ ಪಟ್ಟಿಯಂತೂ ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ.

ಎಕ್ಸೆಲ್‌ನಲ್ಲಿ ಇವೇ ಕೆಲಸಗಳು `Page Layout` ನಲ್ಲಿ ಇವೆ: `Print Area`, `Breaks`, ಮತ್ತು ತಲೆಸಾಲಿಗೆ `Print Titles`. ಅಗಲ `1 page`, ಎತ್ತರ `Automatic`. ಪ್ರಿಂಟ್ ಪರದೆಯ ಒಳಗಿಂದ `Page Setup` ತೆರೆದರೆ ತಲೆಸಾಲಿನ ಚೌಕ ಮಸುಕಾಗಿ, ಬರೆಯಲು ಬಿಡುವುದಿಲ್ಲ. ಹೊರಗೆ ಬಂದು `Page Layout` ನಿಂದಲೇ ತೆರೆಯಿರಿ.

ಮರುದಿನ ಬೆಳಿಗ್ಗೆ

ಕಾರ್ಯದರ್ಶಿಯವರ ಫೋನ್. "ಐದನೇ ಊರಿಂದ ಇಬ್ಬರು ಬಿಟ್ಟುಹೋಗಿದ್ರು, ನಾನೇ ಕೆಳಗಡೆ ಸೇರಿಸಿದೀನಮ್ಮ. ಆದ್ರೆ ಪಿಡಿಎಫ್‌ನಲ್ಲಿ ಬರ್ತಾನೇ ಇಲ್ಲ." ಅವರು 404 ಮತ್ತು 405ನೇ ಸಾಲಿನಲ್ಲಿ, ಒಟ್ಟು ಮೊತ್ತದ ಕೆಳಗೆ ಬರೆದಿದ್ದರು. ಪ್ರಿಂಟ್ ಜಾಗ 402ಕ್ಕೆ ಮುಗಿಯುತ್ತದೆ, ಅದರ ಕೆಳಗೆ ಬರೆದದ್ದು ಸೇರುವುದಿಲ್ಲ. ಆ ಇಬ್ಬರನ್ನು ಅಳಿಸಿ, ಐದನೇ ಊರಿನ ಸಾಲುಗಳ ನಡುವೆಯೇ ಎರಡು ಹೊಸ ಸಾಲು ಸೇರಿಸಿ ಅಲ್ಲಿ ಬರೆದೆ. ಜಾಗದ ಒಳಗೆ ಸೇರಿಸಿದ್ದರಿಂದ ಪ್ರಿಂಟ್ ಜಾಗ ತಾನಾಗಿಯೇ `$A$1:$L$404` ಆಯಿತು, ಊರಿನ ಮೊತ್ತವೂ ಹಿಗ್ಗಿತು. ಅವರ ಊರಿನ ಕೊನೆಯ ಪುಟದಲ್ಲಿ ಬೇಕಾದಷ್ಟು ಜಾಗ ಇತ್ತು. ಅದೇ ಎರಡನೇ ಊರಿನವರಾಗಿದ್ದರೆ 99 ಹೋಗಿ 101 ಆಗಿ, ಮತ್ತೆ ಹದಿನೈದನೇ ಹಾಳೆ ಬರುತ್ತಿತ್ತು.

ಅಂಗಡಿಯವರಿಗೆ ಎರಡು ಮಾತು ಹೇಳಿ ಕಳಿಸಿದೆ: "ಫಿಟ್" ಹಾಕಬೇಡಿ, `Actual size` ನಲ್ಲೇ ತೆಗೆಯಿರಿ. ಒಂದೇ ಮಗ್ಗುಲಿಗೆ ತೆಗೆಯಿರಿ, ಸಹಿ ಹಿಂಬದಿಗೆ ಇಳಿಯುತ್ತದೆ. ಹನ್ನೊಂದು ಗಂಟೆಗೆ 14 ಹಾಳೆ ಬಂದವು. ಸ್ಕೇಲ್ ಇಟ್ಟು ಎಡಗಡೆಯ ಅಂಚು ಅಳೆದೆ, 25 ಮಿ.ಮೀ. ಇತ್ತು. ಐದು ಊರಿಗೆ ಐದು ಪಿನ್ ಹೊಡೆದು ಕೊಟ್ಟೆ.